‘ನಿಮ್ಮ ಮಾಹಿತಿ ಕಳುವಾಗಿದೆ’: ಈ ಮಾತನ್ನು ಹೇಳುವುದು ಹೇಗೆ?

ಗ್ರಾಹಕರ ಫೋನ್ ನಂಬರು, ವಿಳಾಸ, ಆಧಾರ್ ಪ್ರತಿ ಕಳ್ಳರ ಪಾಲಾದಾಗ ಸಂಸ್ಥೆಗಳು ಬಾಯಿ ಬಿಡುವುದು ತಡವಾಗಿ; ಬಿಟ್ಟರೂ ಅರ್ಧಂಬರ್ಧ. 2027ರ ಮೇ ತಿಂಗಳಿಂದ ಪ್ರತಿಯೊಬ್ಬ ಬಾಧಿತನಿಗೂ ಸರಳವಾಗಿ, ಸ್ಪಷ್ಟವಾಗಿ ತಿಳಿಸಲೇಬೇಕು ಎನ್ನುತ್ತದೆ ಕಾನೂನು. ಆದರೆ ಆ ಪತ್ರ ಕಡರನಾಯಕನಹಳ್ಳಿಯ ರೈತನ ಕೈಗೆ ಯಾವ ಭಾಷೆಯಲ್ಲಿ ಬರಬೇಕು, ಅದರಲ್ಲಿ ಏನಿರಬೇಕು?

ಭತ್ತದ ಕೊಯ್ಲಿನ ಕಾಲ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಒಂದು ಮನೆಯಂಗಳ ಎಂದುಕೊಳ್ಳಿ. ಕಟಾವು ಯಂತ್ರದವರಿಗೆ ಕೊಡಬೇಕಾದ ಬಾಡಿಗೆಯನ್ನು ಲೆಕ್ಕ ಹಾಕುತ್ತ ಕುಳಿತವರ ಫೋನು ಟಿಣ್ ಎನ್ನುತ್ತದೆ. ದಾವಣಗೆರೆಯಲ್ಲಿ ಡಿಗ್ರಿ ಓದುತ್ತಿರುವ ಮಗಳು ಪಕ್ಕದಲ್ಲೇ ಇದ್ದಾಳೆ.

‘ಏನಂತೆ ನೋಡವ್ವ.’

‘ಇಂಗ್ಲಿಷಿನಾಗೈತಿ ಅಪ್ಪಾಜಿ. ಅದೇನೋ ಘಟನೆ ಆಗೈತಂತೆ. ಕೆಲವು ಗ್ರಾಹಕರ ಕೆಲವು ಮಾಹಿತಿಗೆ ತೊಂದರೆ ಆಗಿರಬಹುದಂತೆ. ನಿಮ್ಮ ಸುರಕ್ಷತೆನೇ ನಮಗೆ ಮುಖ್ಯ ಅಂದಾರೆ.’

‘ನಮ್ದೂ ಐತಾ ಅದ್ರಾಗೆ?’

‘ಅದನ್ನ ಬರ್ದಿಲ್ಲ.’

‘ಮತ್ತೆ ಈಗ ಏನ್ ಮಾಡ್ಬೇಕಂತೆ?’

‘ಅದನ್ನೂ ಬರ್ದಿಲ್ಲ.’

ಮನೆ, ಮಾತು ಎರಡೂ ಕಲ್ಪನೆಯವು. ಆದರೆ ಆ ಬಗೆಯ ಸಂದೇಶ ಕಲ್ಪನೆಯದಲ್ಲ. ಅಪ್ಪ ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಇಂಥ ಸೂಚನೆಗಳನ್ನು ಹತ್ತು ವರ್ಷಗಳಿಂದ ನೋಡುತ್ತಲೇ ಬಂದಿದ್ದೇವೆ. ಕೋಟಿಗಟ್ಟಲೆ ಜನರ ವಿವರ ಸೋರಿದಾಗಲೂ ಅದೇ ಭಾಷೆ, ಅದೇ ಮುಸುಕು. ಇಂಥ ಸೂಚನೆ ಬರೆಯುವವರ ಕೈ ಎಲ್ಲಿ ತಡೆಯುತ್ತದೆ ಎಂದು ತಿಳಿಯಲು ಬೆಂಗಳೂರಿನದೇ ಒಂದು ಪ್ರಕರಣವನ್ನು ಬಿಡಿಸಿ ನೋಡಬೇಕು.

### ದೀಪಾವಳಿಗೆ ವಾರ ಮೊದಲು

2020ರ ನವೆಂಬರ್ 7, ಶನಿವಾರ. ದೀಪಾವಳಿಗೆ ಸರಿಯಾಗಿ ಒಂದು ವಾರ. ಕೊರೊನಾ ವರ್ಷವಾದ್ದರಿಂದ ನಗರಗಳ ಲಕ್ಷಾಂತರ ಮನೆಗಳು ಬೇಳೆ, ಬೆಲ್ಲ, ತರಕಾರಿಯನ್ನೆಲ್ಲ ಫೋನಿನಲ್ಲೇ ತರಿಸಿಕೊಳ್ಳುತ್ತಿದ್ದವು. ಅಂದು ಸೈಬಲ್ ಎಂಬ ಸೈಬರ್ ಗುಪ್ತಚರ ಸಂಸ್ಥೆ ಒಂದು ಸುದ್ದಿಯನ್ನು ಹೊರಹಾಕಿತು. ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯ ಸುಮಾರು 2 ಕೋಟಿ ಗ್ರಾಹಕರ ವಿವರಗಳಿರುವ ಕಡತ ಕಳ್ಳಸಂತೆಯಲ್ಲಿ ಮಾರಾಟಕ್ಕಿದೆ. ಗಾತ್ರ ಸುಮಾರು 15 ಜಿಬಿ, ಬೆಲೆ 40 ಸಾವಿರ ಡಾಲರ್, ಅಂದರೆ ಆಗಿನ ಲೆಕ್ಕಕ್ಕೆ 30 ಲಕ್ಷ ರೂಪಾಯಿ.

ಹೆಸರು, ಇಮೇಲ್, ಫೋನ್, ಪೂರ್ತಿ ವಿಳಾಸ, ಹುಟ್ಟಿದ ದಿನಾಂಕ, ಲಾಗಿನ್ ಆದ ಕಂಪ್ಯೂಟರಿನ ಐಪಿ ವಿಳಾಸ, ಜೊತೆಗೆ ಹ್ಯಾಷ್ ರೂಪದಲ್ಲಿದ್ದ ಪಾಸ್‌ವರ್ಡ್‌ಗಳು ಆ ಕಡತದಲ್ಲಿವೆ ಎಂದು ಸೈಬಲ್ ಪಟ್ಟಿ ಕೊಟ್ಟಿತ್ತು.

ಕಂಪನಿ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ಸೈಬರ್ ಅಪರಾಧ ಠಾಣೆಗೆ ದೂರು ಕೊಟ್ಟಿತು, ಮಾಧ್ಯಮಗಳಿಗೆ ಹೇಳಿಕೆಯನ್ನೂ ಕೊಟ್ಟಿತು. ಸೋರಿಕೆಯ ಸಾಧ್ಯತೆ ಕೆಲವು ದಿನಗಳ ಹಿಂದೆ ತಿಳಿದುಬಂದಿದೆ, ತಜ್ಞರೊಂದಿಗೆ ಪರಿಶೀಲಿಸುತ್ತಿದ್ದೇವೆ. ಕ್ರೆಡಿಟ್ ಕಾರ್ಡ್ ನಂಬರಿನಂಥ ಹಣಕಾಸು ಮಾಹಿತಿಯನ್ನು ನಾವು ಇಟ್ಟುಕೊಳ್ಳುವುದೇ ಇಲ್ಲ. ನಮ್ಮಲ್ಲಿರುವುದು ಇಮೇಲ್, ಫೋನ್ ನಂಬರು, ಆರ್ಡರ್ ವಿವರ ಮತ್ತು ವಿಳಾಸ, ಅವುಗಳಿಗೆ ಕೈ ಹಾಕಿರಬಹುದು ಎಂಬುದು ಅದರ ಸಾರ.

ಈ ಹೇಳಿಕೆಯಲ್ಲಿ ಒಳ್ಳೆಯದೂ ಇದೆ. ಕಾರ್ಡ್ ನಂಬರು ಹೋಗಿಲ್ಲ ಎಂದು ಹೇಳಿದ್ದು ಜನರಿಗೆ ನಿಜಕ್ಕೂ ಬೇಕಾದ ಮಾತು. ಏನೇನು ಹೋಗಿರಬಹುದು ಎಂಬ ಪಟ್ಟಿಯನ್ನೂ ಕೊಟ್ಟಿದ್ದಾರೆ; ಎಷ್ಟೋ ಕಂಪನಿಗಳು ಅಷ್ಟನ್ನೂ ಕೊಡುವುದಿಲ್ಲ.

ತೊಡಕು ಇರುವುದು ಪಟ್ಟಿಯಲ್ಲಿಲ್ಲದ ಎರಡು ವಿವರಗಳಲ್ಲಿ. ಹುಟ್ಟಿದ ದಿನಾಂಕ ಮತ್ತು ಪಾಸ್‌ವರ್ಡಿನ ಹ್ಯಾಷ್.

> ಆರು ತಿಂಗಳ ಹೆಜ್ಜೆಗಳು
>
> 2020 ಅಕ್ಟೋಬರ್ 14: ಸೈಬಲ್ ಪ್ರಕಾರ ಕಳವು ನಡೆದ ದಿನ.
>
> ಅಕ್ಟೋಬರ್ 30: ಮಾರಾಟದ ಜಾಹೀರಾತು ಸೈಬಲ್ ಕಣ್ಣಿಗೆ ಬಿತ್ತು.
>
> ನವೆಂಬರ್ 1: ಕಂಪನಿಗೆ ತಿಳಿಸಿದ್ದಾಗಿ ಸೈಬಲ್ ಹೇಳಿತು.
>
> ನವೆಂಬರ್ 7: ಸುದ್ದಿ ಸಾರ್ವಜನಿಕವಾಯಿತು.
>
> 2021 ಏಪ್ರಿಲ್ ಕೊನೆಯ ವಾರ: ‘ಶೈನಿಹಂಟರ್ಸ್’ ಎಂಬ ಗುಂಪು ಇಡೀ ಕಡತವನ್ನು ಬಿಟ್ಟಿಯಾಗಿ ಹಂಚಿತು.

### ಹಿಟ್ಟಿನಿಂದ ಕಾಳು ಹಿಡಿಯುವವರು

ಪಾಸ್‌ವರ್ಡನ್ನು ಕಂಪನಿಗಳು ಇದ್ದಂತೆಯೇ ಬರೆದಿಡುವುದಿಲ್ಲ. ಒಂದು ಗಣಿತದ ಗಿರಣಿಗೆ ಹಾಕಿ, ಬರುವ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಅದೇ ಹ್ಯಾಷ್. ಹಿಟ್ಟಿನಿಂದ ಮತ್ತೆ ಕಾಳು ಮಾಡಲಾಗದು. ಆದರೆ ಕಳ್ಳ ಬೇರೆ ದಾರಿ ಹಿಡಿಯುತ್ತಾನೆ. ತನಗೆ ತೋಚಿದ ಪಾಸ್‌ವರ್ಡ್‌ಗಳನ್ನೆಲ್ಲ ಅದೇ ಗಿರಣಿಗೆ ಹಾಕುತ್ತಾನೆ. ಬಂದ ಹಿಟ್ಟು ಕದ್ದ ಹಿಟ್ಟಿಗೆ ತಾಳೆಯಾದರೆ ಒಳಗೆ ಹೋದ ಕಾಳು ಯಾವುದೆಂದು ಗೊತ್ತಾಯಿತು.

ಎಲ್ಲವೂ ಗಿರಣಿಯ ವೇಗದ ಮೇಲೆ ನಿಂತಿದೆ. ಬಿಗ್‌ಬಾಸ್ಕೆಟ್ ಕಡತದಲ್ಲಿದ್ದದ್ದು ಎಸ್‌ಎಚ್‌ಎ-1 ಎಂಬ ಹಳೆಯ, ಬಲು ವೇಗದ ವಿಧಾನ. ಆಟಗಳಿಗಾಗಿ ಮಾರುವ ಗ್ರಾಫಿಕ್ಸ್ ಕಾರ್ಡೊಂದು ಇದರಲ್ಲಿ ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಪರೀಕ್ಷಿಸಬಲ್ಲದು. ಉದ್ದೇಶಪೂರ್ವಕವಾಗಿ ನಿಧಾನ ಮಾಡಿರುವ ಬಿಕ್ರಿಪ್ಟ್‌ನಂಥ ವಿಧಾನಗಳಿವೆ. ಅವುಗಳಲ್ಲಿ ಅದೇ ಕೆಲಸ ತಿಣುಕುತ್ತ ಸಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಕಡತ ಬಿಟ್ಟಿಯಾಗಿ ಸಿಕ್ಕ ಕೂಡಲೇ, 20 ಲಕ್ಷ ಪಾಸ್‌ವರ್ಡ್ ಬಿಡಿಸಿದ್ದೇವೆ ಎಂದು ಕಳ್ಳಸಂತೆಯ ಮಂದಿ ಹೇಳಿಕೊಂಡರು. ‘password’ ಎಂಬ ಪದವನ್ನೇ ಪಾಸ್‌ವರ್ಡ್ ಆಗಿಟ್ಟವರು 7 ಲಕ್ಷ ಮಂದಿ ಎಂದ ಇನ್ನೊಬ್ಬ. ಇವು ಕಳ್ಳರ ಮಾತುಗಳು, ಪೂರ್ತಿ ನಂಬಬೇಕಿಲ್ಲ. ಆದರೆ ಅಷ್ಟು ಹೊತ್ತಿಗೆ ಸೋರಿಕೆಯಾಗಿ ಆರು ತಿಂಗಳಾಗಿತ್ತು ಎಂಬುದು ಸತ್ಯ.

ಮನೆಯ ದಿನಸಿ ಆ್ಯಪ್‌ನ ಪಾಸ್‌ವರ್ಡ್ ಹೋದರೆ ಏನು ಮಹಾ ಎನಿಸಬಹುದು. ಆದರೆ ಅದೇ ಪಾಸ್‌ವರ್ಡನ್ನು ಇಮೇಲಿಗೂ ಇಟ್ಟವರು ಎಷ್ಟು ಮಂದಿ! ಇಮೇಲ್ ಕೈಗೆ ಬಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೆಲ್ಲ ಅಲ್ಲಿಗೇ ಬರುತ್ತವೆ.

ನವೆಂಬರ್ 2020ರಲ್ಲಿ ಒಂದು ಸಾಲು ಬೇಕಿತ್ತು: ‘ನಿಮ್ಮ ಪಾಸ್‌ವರ್ಡಿನ ಹ್ಯಾಷ್ ಕೂಡ ಹೋಗಿರಬಹುದು, ಇದೇ ಪಾಸ್‌ವರ್ಡ್ ಬೇರೆ ಎಲ್ಲಿ ಬಳಸಿದ್ದೀರೋ ಅಲ್ಲಿ ಇವತ್ತೇ ಬದಲಿಸಿ.’ ಆ ಸಾಲು ಹೇಳಿಕೆಯಲ್ಲಿ ಇರಲಿಲ್ಲ. ಪಾಸ್‌ವರ್ಡ್‌ಗಳನ್ನು ತೆಗೆದುಹಾಕಿ ಒಟಿಪಿ ಪದ್ಧತಿಗೆ ಹೋಗಿದ್ದೇವೆ ಎಂದು ಕಂಪನಿ ಆಮೇಲೆ ತಿಳಿಸಿತು. ಅದು ಆ್ಯಪ್‌ನ ಬಾಗಿಲನ್ನು ಭದ್ರ ಮಾಡುವ ಕೆಲಸ. ಅದೇ ಬೀಗದ ಕೈಯನ್ನು ಬೇರೆ ಬಾಗಿಲುಗಳಿಗೂ ಬಳಸಿದ್ದ ಗ್ರಾಹಕ ಏನು ಮಾಡಬೇಕೆಂಬುದನ್ನು ಅವನಿಗೇ ಹೇಳಬೇಕಿತ್ತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆಗ ಭಾರತದಲ್ಲಿ ಸೋರಿಕೆಯನ್ನು ಗ್ರಾಹಕರಿಗೆ ತಿಳಿಸಲೇಬೇಕೆಂಬ ಸಾಮಾನ್ಯ ಕಾನೂನು ಇರಲಿಲ್ಲ. ಎಷ್ಟು ಹೇಳಬೇಕೆಂಬುದು ಕಂಪನಿಯ ಮರ್ಜಿಗೆ ಬಿಟ್ಟ ವಿಷಯವಾಗಿತ್ತು.

### ಹೇಳಿದ್ದನ್ನು ತಿದ್ದಿಕೊಂಡವರು

ಮರ್ಜಿಗೆ ಬಿಟ್ಟಾಗಲೂ ಹೆಚ್ಚು ಹೇಳಿದವರಿದ್ದಾರೆ. 2017ರ ಮೇ ತಿಂಗಳಲ್ಲಿ ಜೊಮಾಟೊದಿಂದ 1.7 ಕೋಟಿ ಬಳಕೆದಾರರ ದಾಖಲೆ ಕಳುವಾಯಿತು. ಕಂಪನಿ ತಾನಾಗಿಯೇ ಪ್ರಕಟಣೆ ಹೊರಡಿಸಿತು. ಇಮೇಲ್ ಮತ್ತು ಪಾಸ್‌ವರ್ಡ್ ಹ್ಯಾಷ್ ಹೋಗಿದೆ. ಕಾರ್ಡಿನ ಮಾಹಿತಿ ಬೇರೆ ಕಡೆ ಇದೆ, ಅದು ಹೋಗಿಲ್ಲ. ಬಾಧಿತರನ್ನೆಲ್ಲ ಲಾಗ್‌ಔಟ್ ಮಾಡಿ ಪಾಸ್‌ವರ್ಡ್ ಬದಲಿಸಿದ್ದೇವೆ ಎಂದಿತು.

ಮೊದಲ ಪ್ರಕಟಣೆಯಲ್ಲಿ ಒಂದು ತಪ್ಪಿತ್ತು. ಹ್ಯಾಷ್‌ನಿಂದ ಪಾಸ್‌ವರ್ಡನ್ನು ಸುಲಭಕ್ಕೆ ಪಡೆಯಲಾಗದು ಎಂಬ ಅಭಯ ಕೊಟ್ಟಿದ್ದರು. ತಜ್ಞರು ಅದನ್ನು ಪ್ರಶ್ನಿಸಿದರು. ಆಗ ಕಂಪನಿ ಅದೇ ಪ್ರಕಟಣೆಗೆ ತಿದ್ದುಪಡಿ ಸೇರಿಸಿತು: ಕಡತದಲ್ಲಿ 66 ಲಕ್ಷ ಮಂದಿಯ ಹ್ಯಾಷ್ ಇದೆ, ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸಿ ಅವುಗಳನ್ನು ಬಿಡಿಸಲು ಸಾಧ್ಯವಿದೆ, ಬೇರೆಡೆ ಅದೇ ಪಾಸ್‌ವರ್ಡ್ ಇಟ್ಟವರು ಬದಲಿಸಿಕೊಳ್ಳಿ.

ಆಮೇಲೆ ಕಳವು ಹೇಗಾಯಿತೆಂಬುದನ್ನೂ ಬರೆದರು. 2015ರಲ್ಲಿ 000webhost ಎಂಬ ತಾಣದಿಂದ ಸೋರಿದ ಪಾಸ್‌ವರ್ಡ್‌ಗಳಲ್ಲಿ ತಮ್ಮ ಒಬ್ಬ ತಂತ್ರಜ್ಞರದೂ ಇತ್ತು. ಅವರು ಅದನ್ನೇ ಗಿಟ್‌ಹಬ್‌ನಲ್ಲೂ ಬಳಸಿದ್ದರು. ಅಲ್ಲಿಂದ ಕಂಪನಿಯ ಕೋಡ್ ಸಿಕ್ಕಿತು, ಕೋಡಿನಲ್ಲಿ ದೋಷ ಸಿಕ್ಕಿತು. ಒಂದೇ ಪಾಸ್‌ವರ್ಡನ್ನು ಎರಡು ಕಡೆ ಬಳಸಬೇಡಿ ಎಂಬ ಬುದ್ಧಿಮಾತಿಗಿಂತ ಈ ಒಂದು ಪ್ಯಾರಾ ಓದುಗನನ್ನು ಹೆಚ್ಚು ಎಚ್ಚರಿಸುತ್ತದೆ. ಪ್ರಾಮಾಣಿಕ ಸೂಚನೆ ಎಂದರೆ ಮೊದಲ ದಿನವೇ ಎಲ್ಲ ಸರಿಯಾಗಿ ಹೇಳುವುದಲ್ಲ. ಅದು ಯಾರಿಂದಲೂ ಆಗದು. ಮೊದಲ ದಿನ ಹೇಳಿದ್ದು ತಪ್ಪೆಂದು ಗೊತ್ತಾದಾಗ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುವುದು.

ಕೆಲವೊಮ್ಮೆ ವಿಳಂಬಕ್ಕೆ ಬೇರೆಯವರು ಕಾರಣರಾಗುತ್ತಾರೆ. 2021ರಲ್ಲಿ ಏರ್ ಇಂಡಿಯಾದ 45 ಲಕ್ಷ ಪ್ರಯಾಣಿಕರ ವಿವರ ಸೋರಿದ್ದು ಅದರ ತಾಂತ್ರಿಕ ಸೇವೆ ನೋಡಿಕೊಳ್ಳುತ್ತಿದ್ದ ಸೀಟಾ ಎಂಬ ಸಂಸ್ಥೆಯಿಂದ. ಸೀಟಾದಿಂದ ಮೊದಲ ಸುದ್ದಿ ಬಂದದ್ದು ಫೆಬ್ರುವರಿ 25ಕ್ಕೆ. ಯಾರ್‍ಯಾರ ವಿವರ ಹೋಗಿದೆ ಎಂಬುದು ತಿಳಿದದ್ದು ಮಾರ್ಚ್ 25 ಮತ್ತು ಏಪ್ರಿಲ್ 5ಕ್ಕೆ. ಪ್ರಯಾಣಿಕರಿಗೆ ಪತ್ರ ಹೋದದ್ದು ಮೇ ತಿಂಗಳಲ್ಲಿ. ಲೆಕ್ಕಪತ್ರದ ತಂತ್ರಾಂಶವನ್ನು ಹೊರಗಿನವರಿಂದ ಬಾಡಿಗೆಗೆ ಪಡೆದಿರುವ ನಮ್ಮ ತಾಲ್ಲೂಕುಗಳ ಸಣ್ಣ ಸಂಘಗಳು ಈ ದಿನಾಂಕಗಳನ್ನು ನೋಡಬೇಕು. ಸೋರಿಕೆಯಾದರೆ ಎಷ್ಟು ಗಂಟೆಯೊಳಗೆ ನಮಗೆ ತಿಳಿಸಬೇಕು ಎಂಬ ಒಂದು ಸಾಲು ತಂತ್ರಾಂಶದವರ ಜೊತೆಗಿನ ಕರಾರಿನಲ್ಲಿ ಇದೆಯೇ?

### ಕಾನೂನು ಕೇಳುವುದೇನು

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಸೋರಿಕೆ ತಿಳಿಸುವ ನಿಯಮ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಎಂದರೆ 2027ರ ಮೇ. ಆಮೇಲೆ ಕಿರಾಣಿ ಆ್ಯಪ್ ಇರಲಿ, ಆಸ್ಪತ್ರೆ ಇರಲಿ, ಹಳ್ಳಿಯ ಸಹಕಾರ ಸಂಘವಿರಲಿ, ಜನರ ವಿವರಗಳನ್ನು ಕಂಪ್ಯೂಟರಿನಲ್ಲಿಟ್ಟು ಬಳಸುವ ಯಾರಿಗೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಸೋರಿಕೆ ಸಣ್ಣದೋ ದೊಡ್ಡದೋ ಎಂಬ ಭೇದವನ್ನೂ ಕಾಯ್ದೆ ಮಾಡಿಲ್ಲ.

> ಪತ್ರದಲ್ಲಿ ಇರಲೇಬೇಕಾದ ಐದು
>
> ಏನಾಯಿತು, ಎಷ್ಟರ ಮಟ್ಟಿಗೆ, ಯಾವಾಗ. ಇದರಿಂದ ಈ ವ್ಯಕ್ತಿಗೆ ಏನು ತೊಂದರೆ ಆಗಬಹುದು. ಸಂಸ್ಥೆ ಏನು ಕ್ರಮ ಕೈಗೊಂಡಿದೆ. ಆ ವ್ಯಕ್ತಿ ತನ್ನ ರಕ್ಷಣೆಗೆ ಏನು ಮಾಡಬಹುದು. ಪ್ರಶ್ನೆ ಕೇಳಲು ಯಾರನ್ನು ಸಂಪರ್ಕಿಸಬೇಕು.
>
> ಬಾಧಿತರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು. ಮಂಡಳಿಗೆ 72 ಗಂಟೆಯೊಳಗೆ ವಿವರವಾದ ವರದಿ ಕೊಡಬೇಕು. ತಿಳಿಸದಿದ್ದರೆ ದಂಡ 200 ಕೋಟಿ ರೂಪಾಯಿವರೆಗೆ.
>
> ಇದಲ್ಲದೆ 2022ರಿಂದಲೇ ಇರುವ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ನಿರ್ದೇಶನದಂತೆ, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಹೋಗಬೇಕು.

ಇದರಲ್ಲಿ ಒಂದು ಕಂದಕವಿದೆ. ನಿಮ್ಮ ಮಾಹಿತಿ ಪಡೆಯುವ ಮುನ್ನ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಕನ್ನಡವೂ ಅದರಲ್ಲಿದೆ. ಆದರೆ ಸೋರಿಕೆಯ ಸೂಚನೆಯ ಬಗ್ಗೆ ನಿಯಮ ಬಳಸುವ ಮಾತು ಸಂಕ್ಷಿಪ್ತ, ಸ್ಪಷ್ಟ, ಸರಳ ಎಂದಷ್ಟೆ. ಭಾಷೆಯ ಮಾತಿಲ್ಲ. ಮಾಹಿತಿ ಕೊಡುವಾಗ ಕನ್ನಡ ಕೇಳುವ ಹಕ್ಕು, ಕಳೆದುಕೊಂಡಾಗ ಇಲ್ಲ. ಕನ್ನಡ ಓದುವ ರೈತನಿಗೆ ಇಂಗ್ಲಿಷ್ ಪತ್ರ ಎಷ್ಟೇ ಸುಲಭವಾಗಿದ್ದರೂ ಸ್ಪಷ್ಟವಲ್ಲ ಎಂದು ಮಂಡಳಿ ನೇರವಾಗಿ ಹೇಳಬೇಕು. ಅದು ಹೇಳುವವರೆಗೆ ಕಾಯದೆ ನಮ್ಮ ಸಂಸ್ಥೆಗಳೇ ಕನ್ನಡದಲ್ಲಿ ಬರೆಯಬೇಕು.

### ಒಂದು ಸಂಘ, ಎರಡು ಪತ್ರ

ಹರಿಹರ ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘವನ್ನು ಊಹಿಸಿಕೊಳ್ಳೋಣ. ಮಾರ್ಚ್ 3ರಂದು ಗುಮಾಸ್ತರಿಗೆ ‘ಬಿಲ್ಲು ಬಾಕಿ ಇದೆ’ ಎಂಬ ಇಮೇಲ್ ಬರುತ್ತದೆ. ಒತ್ತಿದರೆ ಇಮೇಲ್ ಪಾಸ್‌ವರ್ಡ್ ಕೇಳುವ ಪುಟ. ಅವರು ಕೊಟ್ಟರು, ಪುಟ ನಕಲಿ. ಅದೇ ರಾತ್ರಿ ಹೊರಗಿನವರೊಬ್ಬರು ಸಂಘದ ಇಮೇಲಿಗೆ ನುಗ್ಗಿದರು. ಮಾರ್ಚ್ 5ರ ಬೆಳಿಗ್ಗೆ, ತಾವು ಕಳಿಸದ ಪತ್ರಗಳು ‘ಸೆಂಟ್’ ಪಟ್ಟಿಯಲ್ಲಿ ಕಂಡಾಗ ವಿಷಯ ಬಯಲಾಯಿತು. ಆ ಇಮೇಲ್‌ನಲ್ಲಿ ಎರಡು ವರ್ಷಗಳ ಸಾಲದ ಅರ್ಜಿಗಳು, 412 ಸದಸ್ಯರ ಆಧಾರ್ ಪ್ರತಿ, ಪಹಣಿ, ಫೋಟೊ ಇದ್ದವು.

ಮೊದಲು ಬರುವ ಕರಡು ಹೀಗಿರುತ್ತದೆ:

*‘ಮಾನ್ಯರೇ, ಇತ್ತೀಚೆಗೆ ನಮ್ಮ ವ್ಯವಸ್ಥೆಯಲ್ಲಿ ಅನಧಿಕೃತ ಪ್ರವೇಶದ ಘಟನೆಯೊಂದು ಗಮನಕ್ಕೆ ಬಂದಿದ್ದು, ಕೆಲವು ಸದಸ್ಯರ ಕೆಲವು ಮಾಹಿತಿ ಬಾಧಿತವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ದುರುಪಯೋಗವಾದ ಬಗ್ಗೆ ಯಾವುದೇ ಪುರಾವೆ ಇಲ್ಲ. ಸದಸ್ಯರ ಹಿತವೇ ನಮ್ಮ ಧ್ಯೇಯ. ಎಚ್ಚರದಿಂದಿರಲು ಕೋರಲಾಗಿದೆ.’*

ಇದರಲ್ಲಿ ಸುಳ್ಳಿಲ್ಲ. ಆದರೆ ಓದಿದವನ ಕೈಗೆ ಏನೂ ಸಿಗುವುದಿಲ್ಲ. ಕೆಟ್ಟ ಸಾಲು ಯಾವುದೆಂದರೆ ಪುರಾವೆ ಇಲ್ಲ ಎಂಬುದು. ಯಾರೂ ಹುಡುಕದಿದ್ದರೂ ಪುರಾವೆ ಇರುವುದಿಲ್ಲ. ಹುಡುಕಿದ್ದರೆ ಎಲ್ಲಿ ಹುಡುಕಿದಿರಿ, ಎಂದಿನವರೆಗೆ ಎಂದು ಬರೆಯಬೇಕು. ಇಲ್ಲವೇ ಆ ಸಾಲನ್ನೇ ಬಿಡಬೇಕು. ಎಚ್ಚರದಿಂದಿರಿ ಎಂಬುದೂ ಅಷ್ಟೆ. ಯಾವುದರಿಂದ ಎಚ್ಚರ?

ಮತ್ತೆ ಬರೆದರೆ:

*‘ಮಾನ್ಯ ಸದಸ್ಯರೇ,*

*ನಮ್ಮ ಸಂಘದ ಇಮೇಲಿಗೆ ಮಾರ್ಚ್ 3ರ ರಾತ್ರಿ ಹೊರಗಿನವರು ನುಗ್ಗಿದ್ದರು. ಮಾರ್ಚ್ 5ರ ಬೆಳಿಗ್ಗೆ ನಮಗೆ ಗೊತ್ತಾಯಿತು. ಆಗಲೇ ಪಾಸ್‌ವರ್ಡ್ ಬದಲಿಸಿ ಅವರನ್ನು ಹೊರಹಾಕಿದೆವು. ಸಾಲದ ಅರ್ಜಿಯ ಜೊತೆ ನೀವು ಕೊಟ್ಟಿದ್ದ ಆಧಾರ್ ಪ್ರತಿ, ಪಹಣಿ, ಫೋಟೊ, ಫೋನ್ ನಂಬರು ಆ ಇಮೇಲ್‌ನಲ್ಲಿದ್ದವು. ಅವು ಅವರ ಕೈಸೇರಿವೆ ಎಂದೇ ತಿಳಿದು ಈ ಪತ್ರ ಬರೆಯುತ್ತಿದ್ದೇವೆ.*

*ನಿಮ್ಮ ಠೇವಣಿ ಮತ್ತು ಸಾಲದ ಲೆಕ್ಕ ಬೇರೆ ತಂತ್ರಾಂಶದಲ್ಲಿದೆ. ಈ ಇಮೇಲ್‌ನಿಂದ ಅಲ್ಲಿಗೆ ಹೋಗಲು ಆಗುವುದಿಲ್ಲ. ಮಾರ್ಚ್ 5ರ ಸಂಜೆ ಎಲ್ಲ ಖಾತೆಗಳ ಬಾಕಿಯನ್ನು ತಾಳೆ ನೋಡಿದ್ದೇವೆ, ವ್ಯತ್ಯಾಸ ಕಂಡಿಲ್ಲ. ನಿಮ್ಮ ಬೆರಳಚ್ಚು, ಒಟಿಪಿ, ಎಟಿಎಂ ಪಿನ್ ನಮ್ಮಲ್ಲಿ ಇಲ್ಲವೇ ಇಲ್ಲ.*

*ನಿಮ್ಮ ಸರ್ವೆ ನಂಬರು, ಸಾಲದ ಮೊತ್ತ ಹೇಳಿ ನಂಬಿಸಿ, ಸಂಘದಿಂದ ಮಾತಾಡುತ್ತಿದ್ದೇವೆ ಎಂದು ಯಾರಾದರೂ ಫೋನ್ ಮಾಡಬಹುದು. ನಾವು ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ, ಕೊಂಡಿ ಕಳಿಸುವುದಿಲ್ಲ. ಅಂಥ ಕರೆ ಬಂದರೆ ಇಟ್ಟುಬಿಡಿ. ನಿಮ್ಮ ಪಾಸ್‌ಬುಕ್‌ನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ. ಹಣ ಹೋದರೆ ತಕ್ಷಣ 1930ಕ್ಕೆ ಹೇಳಿ.*

*ಇದು ನಮ್ಮ ಕಡೆಯಿಂದ ಆದ ತಪ್ಪು. ಅದಕ್ಕಾಗಿ ಕ್ಷಮೆ ಕೇಳುತ್ತೇವೆ. ನಿಮ್ಮ ಕಾಗದಗಳನ್ನು ಅವರು ಬೇರೆಯವರಿಗೆ ಕೊಟ್ಟಿದ್ದಾರೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ. ಮಾರ್ಚ್ 20ಕ್ಕೆ ಮತ್ತೊಂದು ಪತ್ರ ಬರೆಯುತ್ತೇವೆ.’*

ಕೆಳಗೆ ಕಾರ್ಯದರ್ಶಿಯ ಹೆಸರು, ಸಹಿ, ಪಾಸ್‌ಬುಕ್‌ನಲ್ಲಿರುವ ಅದೇ ಫೋನ್ ನಂಬರು, ಕಚೇರಿಯ ವೇಳೆ.

ಈ ಪತ್ರದ ಒಂದೊಂದು ಸಾಲಿನ ಹಿಂದೆಯೂ ಯಾರೋ ಕೂತು ಮಾಡಿದ ಕೆಲಸವಿದೆ. ಇಮೇಲ್ ಸೇವೆಯ ಲಾಗಿನ್ ದಾಖಲೆ ತೆಗೆದು ನೋಡದಿದ್ದರೆ ‘ಮಾರ್ಚ್ 3ರ ರಾತ್ರಿ’ ಎಂದು ಬರೆಯಲಾಗದು. ಲಗತ್ತುಗಳನ್ನು ಒಂದೊಂದಾಗಿ ತೆರೆದು ಹೆಸರು ಬರೆದುಕೊಳ್ಳದಿದ್ದರೆ 412 ಎಂಬ ಪಟ್ಟಿಯೇ ಹುಟ್ಟದು. ಆಗ ಪತ್ರ ಎಲ್ಲರಿಗೂ ಹೋಗಿ, ಬಾಧಿತರಲ್ಲದವರೂ ಹೆದರುತ್ತಾರೆ. ಹಾಗೆಯೇ ಇಮೇಲಿನದೇ ಪಾಸ್‌ವರ್ಡನ್ನು ಗುಮಾಸ್ತರು ಲೆಕ್ಕದ ತಂತ್ರಾಂಶಕ್ಕೂ ಇಟ್ಟಿದ್ದರೆ, ಹಣ ಸುರಕ್ಷಿತ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಅದನ್ನು ಕೇಳಿ ತಿಳಿದ ಮೇಲೆಯೇ ಆ ಸಾಲು ಬರೆಯಬೇಕು. ಪತ್ರದ ಭಾಷೆ ಮಸುಕಾಗುವುದು ಬಹಳ ಸಲ ಕೆಟ್ಟ ಉದ್ದೇಶದಿಂದಲ್ಲ, ಈ ಕೆಲಸ ಆಗಿಲ್ಲದ್ದರಿಂದ.

ಸಲಹೆ ಕೊಡುವಾಗಲೂ ಹಳ್ಳಿಯ ದಿನಚರಿ ಗೊತ್ತಿರಬೇಕು. ಆಧಾರ್ ಸೋರಿದಾಗಲೆಲ್ಲ ‘ಬಯೊಮೆಟ್ರಿಕ್ ಲಾಕ್ ಮಾಡಿ’ ಎಂದು ಬರೆಯುವುದು ವಾಡಿಕೆ. ಅದಕ್ಕೆ ಕಾರಣವೂ ಇದೆ: 2023ರಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಮಂಗಳೂರು ಕಡೆ ಬೆಳಕಿಗೆ ಬಂದಿದ್ದವು. ಆದರೆ ಲಾಕ್ ಮಾಡಿದವರ ಹೆಬ್ಬೆಟ್ಟನ್ನು ನ್ಯಾಯಬೆಲೆ ಅಂಗಡಿಯ ಯಂತ್ರವೂ ಒಪ್ಪುವುದಿಲ್ಲ. ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು, ಅದಕ್ಕೆ ಆಧಾರ್‌ಗೆ ಜೋಡಿಸಿದ ಫೋನ್ ಬೇಕು ಎಂಬ ಎರಡು ಸಾಲು ಸೇರಿಸದಿದ್ದರೆ, ತಿಂಗಳ ಅಕ್ಕಿಗೆ ಹೋದ ಅಜ್ಜಿ ಬರಿಗೈಯಲ್ಲಿ ಬರಬೇಕಾಗುತ್ತದೆ. ನಮ್ಮ ಈ ಸಂಘದಿಂದ ಬೆರಳಚ್ಚು ಹೋಗಿಲ್ಲ. ಹಾಗಾಗಿ ಲಾಕ್ ಸಲಹೆಯನ್ನು ಪತ್ರದಿಂದ ಬಿಟ್ಟು, ಕೇಳಿದವರಿಗೆ ಕಚೇರಿಯಲ್ಲಿ ವಿವರಿಸುವುದೇ ಸರಿ.

> 70 ಅಕ್ಷರದ ಕಟ್ಟು
>
> ಒಂದು ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸಿದರೆ, ಕನ್ನಡದ್ದರಲ್ಲಿ 70 ಮಾತ್ರ. ಉದ್ದವಾದರೆ ತುಂಡಿಗೆ 67. ಕಾಗುಣಿತದ ಗುರುತು, ಒತ್ತು ಎಲ್ಲವೂ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ‘ಕಡರನಾಯಕನಹಳ್ಳಿ’ ನಮಗೆ 9 ಅಕ್ಷರ, ಫೋನಿಗೆ 13.
>
> ಈ ಸಂದೇಶ ಎರಡು ತುಂಡಿನಲ್ಲಿ ಹೋಗುತ್ತದೆ: ‘ನಿಮ್ಮ ಹೆಸರು, ಫೋನ್, ಆಧಾರ್ ಪ್ರತಿ ನಮ್ಮ ಸಂಘದಿಂದ ಕಳುವಾಗಿದೆ. ಹಣ ಸುರಕ್ಷಿತ. ಯಾರಿಗೂ ಒಟಿಪಿ ಕೊಡಬೇಡಿ. ಪಾಸ್‌ಬುಕ್‌ನಲ್ಲಿರುವ ನಂಬರಿಗೆ ಕರೆ ಮಾಡಿ.’
>
> ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ನ ಒಕ್ಕಣೆಯನ್ನು ಟ್ರಾಯ್ ನಿಯಮದಂತೆ ಮೊದಲೇ ನೋಂದಾಯಿಸಿರಬೇಕು. ಅವಘಡದ ದಿನ ಕೂತು ಹೊಸದನ್ನು ಬರೆದು ಕಳಿಸಲಾಗದು. ಕನ್ನಡದ ಒಕ್ಕಣೆ ಇಂದೇ ನೋಂದಣಿಯಾಗಿರಲಿ.

### ಕೌಂಟರಿನ ಆಚೆಗೆ

ಪತ್ರ ತಲುಪಿದ ಮರುದಿನ ಬೆಳಿಗ್ಗೆ ಸಂಘದ ಬಾಗಿಲಲ್ಲಿ ಜನ ಇರುತ್ತಾರೆ. ಅವರು ಕೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ‘ನನ್ನ ದುಡ್ಡು ಹೋತೇನ್ರಿ?’

‘ಇಲ್ಲ ಕಣಜ್ಜ, ದುಡ್ಡು ಹೋಗಿಲ್ಲ. ನಿಮ್ಮ ಪಾಸ್‌ಬುಕ್ ಕೊಡ್ರಿ, ಈಗಲೇ ಬಾಕಿ ಹಾಕಿಕೊಡ್ತೀನಿ. ಹೋಗಿರೋದು ನಿಮ್ಮ ಆಧಾರ್ ಕಾರ್ಡಿಂದು ಜೆರಾಕ್ಸು, ಫೋಟೊ, ಪಹಣಿ. ಯಾರಾದ್ರೂ ಫೋನ್ ಮಾಡಿ ನಂಬರ್ ಕೇಳಿದ್ರೆ ಹೇಳಬ್ಯಾಡ್ರಿ.’

ಸಮಾಧಾನ ಎಂದರೆ ಇದು. ಮೊದಲು ಕೇಳಿದ್ದಕ್ಕೆ ಉತ್ತರ, ಆಮೇಲೆ ಕೆಟ್ಟ ಸುದ್ದಿ, ಆಮೇಲೆ ಮಾಡಬೇಕಾದ ಒಂದು ಕೆಲಸ. ‘ಏನೂ ಆಗಿಲ್ಲ, ಗಾಬರಿ ಆಗಬೇಡಿ’ ಎಂದು ಗುಮಾಸ್ತರು ಕಳಿಸಿಬಿಟ್ಟರೆ, ಕಾರ್ಯದರ್ಶಿ ಬರೆದ ಪತ್ರ ಸುಳ್ಳಾಯಿತು. ಪತ್ರ ಹೊರಡುವ ಮುನ್ನವೇ ಸಿಬ್ಬಂದಿಯನ್ನೆಲ್ಲ ಕೂರಿಸಿ ಓದಿಸಬೇಕು. ಕೇಳಬಹುದಾದ ಹತ್ತು ಪ್ರಶ್ನೆಗಳಿಗೆ ಒಂದೇ ಉತ್ತರ ಎಲ್ಲರ ಬಾಯಲ್ಲೂ ಇರಬೇಕು.

ಫೋನು ಇಲ್ಲದವರು, ಓದಲು ಬಾರದವರು ಇರುತ್ತಾರೆ. ಅವರಿಗಾಗಿ ಹಾಲಿನ ಡೇರಿಯ ಗೋಡೆಗೆ ದೊಡ್ಡ ಅಕ್ಷರದ ಚೀಟಿ ಅಂಟಿಸಬಹುದು, ನಿರ್ದೇಶಕರೊಬ್ಬರು ಮನೆಗೆ ಹೋಗಿ ಹೇಳಬಹುದು. ಆದರೆ ಗೋಡೆಯ ಮೇಲೆ 412 ಜನರ ಹೆಸರು ಅಂಟಿಸುವುದು ಇನ್ನೊಂದು ಸೋರಿಕೆ. ಯಾರು ಸಾಲ ತೆಗೆದಿದ್ದಾರೆಂದು ಊರಿಗೆಲ್ಲ ಸಾರಿದಂತಾಗುತ್ತದೆ.

ಇನ್ನೊಂದು ಅಪಾಯ ಈ ಸೂಚನೆಯ ನೆರಳಿನಲ್ಲೇ ಬರುತ್ತದೆ. ಸೋರಿಕೆಯ ಸುದ್ದಿ ಹರಡಿದ ಕೂಡಲೇ ‘ನಿಮ್ಮ ಖಾತೆ ಅಪಾಯದಲ್ಲಿದೆ, ಇಲ್ಲಿ ಒತ್ತಿ’ ಎಂಬ ನಕಲಿ ಸೂಚನೆಗಳು ಹೊರಡುತ್ತವೆ. ಅದಕ್ಕೇ ನಿಜವಾದ ಸೂಚನೆಯಲ್ಲಿ ಕೊಂಡಿ ಇರಬಾರದು, ಹೊಸ ನಂಬರೂ ಇರಬಾರದು. ಸದಸ್ಯನ ಕೈಯಲ್ಲಿ ಆಗಲೇ ಇರುವ ಪಾಸ್‌ಬುಕ್ಕಿನ ನಂಬರೇ ಸಾಕು. ಪತ್ರ ಪಡೆದವರೂ ಇದನ್ನೇ ಒರೆಗಲ್ಲು ಮಾಡಿಕೊಳ್ಳಬಹುದು. ಏನು ಹೋಗಿದೆ ಎಂದು ಹೇಳಿ ಸುಮ್ಮನಾಗುವುದು ಸಾಮಾನ್ಯವಾಗಿ ಅಸಲಿ. ಅವಸರ ಮಾಡಿ ನಿಮ್ಮಿಂದಲೇ ಏನಾದರೂ ಕೇಳುವುದು ನಕಲಿ. ಅನುಮಾನ ಬಂದರೆ 1930, ಇಲ್ಲವೇ cybercrime.gov.in ತಾಣ.

ಮಾರ್ಚ್ 20ರ ಪತ್ರ ಮೊದಲನೆಯದಕ್ಕಿಂತ ಚಿಕ್ಕದು. ಹೊಸದೇನೂ ಗೊತ್ತಾಗದಿದ್ದರೂ ಅದು ಹೋಗಲೇಬೇಕು: ‘ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ನಿಮ್ಮ ಕಾಗದಗಳು ಎಲ್ಲಿಯಾದರೂ ಬಳಕೆಯಾದ ಸುದ್ದಿ ಇವತ್ತಿನವರೆಗೆ ನಮಗೆ ಬಂದಿಲ್ಲ. ಇಮೇಲಿಗೆ ಈಗ ಎರಡು ಹಂತದ ಬೀಗ ಹಾಕಿದ್ದೇವೆ. ಹಳೆಯ ಅರ್ಜಿಗಳ ಆಧಾರ್ ಪ್ರತಿಗಳನ್ನು ಇಮೇಲ್‌ನಿಂದ ಅಳಿಸಿದ್ದೇವೆ. ಇನ್ನು ಮುಂದೆ ಇಮೇಲ್‌ನಲ್ಲಿ ಪಡೆಯುವುದಿಲ್ಲ. ಮೊದಲ ಪತ್ರ ಬರೆಯುವಾಗ ಬಾಧಿತರು 412 ಸದಸ್ಯರು ಎಂದು ಲೆಕ್ಕ ಹಾಕಿದ್ದೆವು. ಜಾಮೀನುದಾರರ ಕಾಗದಗಳೂ ಅದರಲ್ಲಿದ್ದವೆಂದು ಆಮೇಲೆ ತಿಳಿಯಿತು. ಅವರಿಗೂ ಇವತ್ತು ಪತ್ರ ಕಳಿಸಿದ್ದೇವೆ.’